ಮೇಲ್ ಮುಗಿಸುವಾಗ ‘ತಮ್ಮ ವಿಶ್ವಾಸಿ’ಯೋ, ‘ವಂದನೆಗಳೊಂದಿಗೆ’ಯೋ?

ಗುಳೇದಗುಡ್ಡದಲ್ಲಿ ಖಣದ ವ್ಯಾಪಾರ ನಮ್ಮದು. ಪತ್ರವ್ಯವಹಾರ ನನ್ನ ಪಾಲಿಗೆ. ಬ್ಯಾಂಕಿಗೆ, ಹೊರಗಿನ ಅಂಗಡಿಗಳಿಗೆ ಇಂಗ್ಲಿಷಿನಲ್ಲಿ ಹೋಗುತ್ತಿದ್ದ ಮೇಲ್‌ಗಳನ್ನು ಈಗ ಕನ್ನಡದಲ್ಲೇ ಬರೆಯುತ್ತೇನೆ. ವಿಷಯ ಬರೆಯೋದು ಸುಲಭ, ಕೈ ನಿಲ್ಲೋದು ಸಹಿಯ ಮೇಲಿನ ಸಾಲಿನಲ್ಲಿ.

ಆ ಸಾಲನ್ನು ನಾನು ಪತ್ರದ ಮೊದಲ ಸಾಲು ನೋಡಿ ಆರಿಸುತ್ತೇನೆ. ಇಂಗ್ಲಿಷಿನಲ್ಲೂ ಹಳೆಯ ಪದ್ಧತಿ ಅದೇ. ಹೆಸರಿಲ್ಲದೆ ‘ಡಿಯರ್ ಸರ್’ ಎಂದರೆ ‘ಯುವರ್ಸ್ ಫೇತ್‌ಫುಲಿ’, ಹೆಸರು ಹಿಡಿದು ಕರೆದರೆ ‘ಯುವರ್ಸ್ ಸಿನ್ಸಿಯರ್ಲಿ’. ನಮ್ಮಲ್ಲಿ ‘ಮಾನ್ಯರೇ’ ಎಂದು ಶುರುವಾದದ್ದು ‘ತಮ್ಮ ವಿಶ್ವಾಸಿ’ ಅಥವಾ ‘ತಮ್ಮ ನಂಬುಗೆಯ’ ಎಂದು ಮುಗಿಯುತ್ತದೆ. ಸರ್ಕಾರಿ ಪತ್ರಗಳಲ್ಲಿ ಎರಡೂ ಕಾಣುತ್ತವೆ. ಗಂಡಸರು ಬರೆದರೂ ಹೆಂಗಸರು ಬರೆದರೂ ಪದ ಅದೇ. ರಜೆ ಅರ್ಜಿಯ ‘ತಮ್ಮ ವಿಧೇಯ’ ಮಾತ್ರ ಬೇಡ. ಬ್ಯಾಂಕಿಗೆ ನಾವು ಗಿರಾಕಿಗಳು, ವಿದ್ಯಾರ್ಥಿಗಳಲ್ಲ.

ಸಾಲದ ನವೀಕರಣಕ್ಕೆ ಬರೆದ ಮೇಲ್ ಹೀಗೆ ಮುಗಿಯಿತು: “ದಾಖಲೆಗಳನ್ನು ಲಗತ್ತಿಸಿದ್ದೇನೆ. ತಾವು ಪರಿಶೀಲಿಸಿ ತಿಳಿಸಬೇಕಾಗಿ ವಿನಂತಿ. ತಮ್ಮ ವಿಶ್ವಾಸಿ,” ಕೆಳಗೆ ಹೆಸರು. ಪತ್ರದಲ್ಲಿ ‘ತಾವು’ ಇತ್ತು, ಅದಕ್ಕೇ ಕೊನೆಗೂ ‘ತಮ್ಮ’. ಉದ್ದಕ್ಕೂ ‘ನೀವು, ನಿಮ್ಮ’ ಎಂದು ಬರೆದು ಕೊನೆಗೆ ‘ತಮ್ಮ’ ಎಂದರೆ ಬೇರೆ ಪತ್ರದಿಂದ ಎತ್ತಿ ಅಂಟಿಸಿದ್ದು ಗೊತ್ತಾಗಿಬಿಡುತ್ತದೆ.

ಜಾಸ್ತಿ ತಲೆ ತಿನ್ನೋದು ‘ವಿತ್ ವಾರ್ಮ್ ರಿಗಾರ್ಡ್ಸ್’. ‘ಬೆಚ್ಚನೆಯ ಶುಭಾಶಯಗಳೊಂದಿಗೆ’ ಎಂದು ಬರೆಯುವವರಿದ್ದಾರೆ. ಶುಭಾಶಯ ಹಬ್ಬಕ್ಕೆ, ಮದುವೆಗೆ. ಖಣದ ಬಿಲ್ಲಿನ ಜೊತೆ ಯಾಕೆ? ಬೆಂಗಳೂರಿನಲ್ಲಿ ನಮ್ಮ ಹಳೆಯ ಗಿರಾಕಿ ಒಬ್ಬ ಅಕ್ಕಾವ್ರು ಇದ್ದಾರೆ. ಅವರಿಗೆ ‘ಅಕ್ಕಾವ್ರೇ, ನಮಸ್ಕಾರ’ ಎಂದು ಶುರು ಮಾಡಿ, ಕೊನೆಗೆ “ಮಾಲು ಸೋಮವಾರ ಕಳಿಸ್ತೇನೆ. ಈ ಕಡೆ ಬಂದ್ರ ಮನಿಗೆ ಬರ್ರಿ” ಎಂದು ಬರೆಯುತ್ತೇನೆ. ಕೆಳಗೆ ಬರೀ ‘ವಂದನೆಗಳೊಂದಿಗೆ’. ಮನೆಗೆ ಕರೆದ ಮೇಲೆ ಆತ್ಮೀಯತೆ ಬಂತಲ್ವಾ, ಮತ್ತೆ ಯಾಕೆ ಹೇಳಬೇಕು? ‘ಪ್ರೀತಿಯಿಂದ’ ಎಂಬುದನ್ನು ಸ್ನೇಹಿತರಿಗೆ, ಕಿರಿಯರಿಗೆ ಇಟ್ಟುಕೊಂಡಿದ್ದೇನೆ.

ನಮ್ಮ ಬಾಗಲಕೋಟೆ, ವಿಜಯಪುರದ ಕಡೆ ಇನ್ನೊಂದು ರೂಪ ಉಂಟು: ‘ಶರಣು ಶರಣಾರ್ಥಿಗಳೊಂದಿಗೆ’. ಮಠದವರು, ಕೆಲವು ಹಿರಿಯ ವ್ಯಾಪಾರಿಗಳು ಹಾಗೆ ಬರೆಯುತ್ತಾರೆ. ಅವರಿಗೆ ಉತ್ತರಿಸುವಾಗ ನಾನೂ ಅದನ್ನೇ ಹಾಕುತ್ತೇನೆ. ನಾನಾಗಿ ಮೊದಲು ಹಾಕುವುದಿಲ್ಲ, ಅದರ ಹಿಂದೆ ಶರಣ ಪರಂಪರೆ ಇದೆ. ಗುರುತಿಲ್ಲದವರಿಗೆ ಸುಮ್ನೆ ಬರೆಯೋ ಮಾತಲ್ಲ.

ಜಿಮೇಲ್‌ನ ಸಹಿಯಲ್ಲಿ ಹೆಸರು, ಅಂಗಡಿ, ಫೋನ್ ನಂಬರ್ ಅಷ್ಟೇ ಇಟ್ಟಿದ್ದೇನೆ. ಮುಕ್ತಾಯದ ಮಾತನ್ನು ಅಲ್ಲಿ ಸೇರಿಸಿದರೆ ಬ್ಯಾಂಕಿಗೂ ಅಕ್ಕಾವ್ರಿಗೂ ಒಂದೇ ಹೋಗುತ್ತದೆ. ಅದನ್ನು ಪ್ರತಿ ಸಲ ಕೈಯಿಂದಲೇ ಟೈಪ್ ಮಾಡುತ್ತೇನೆ. ಒಂದೇ ವಿಷಯಕ್ಕೆ ಅದೇ ದಿನ ಮತ್ತೆ ಮತ್ತೆ ಉತ್ತರ ಓಡಾಡುತ್ತಿದ್ದರೆ ಮೊದಲನೆಯದಕ್ಕೆ ಮಾತ್ರ ‘ವಂದನೆಗಳೊಂದಿಗೆ’, ಆಮೇಲೆ ಬರೀ ಹೆಸರು.