ಹೋರ್ಡಿಂಗ್‌ನಲ್ಲಿ ಮನೆಯವರ ಫೋಟೋ: ಮೊದಲು ಕ್ರಾಪ್, ಆಮೇಲೆ ಮೂಲೆ
ಮನೆಯವರ ಫೋಟೋವನ್ನು ಇನ್ನೊಂದು ಚಿತ್ರದ ಹೋರ್ಡಿಂಗ್‌ಗೆ ಕೂರಿಸುವಾಗ, ಮೂಲೆಗಳನ್ನು ಎಳೆಯುವ ಮೊದಲೇ ಫೋಟೋವನ್ನು ಬೋರ್ಡಿನ ನಿಜವಾದ ಉದ್ದಗಲಕ್ಕೆ ಹೊಂದುವಂತೆ ಕ್ರಾಪ್ ಮಾಡಿ. ಬೋರ್ಡ್ 40×20 ಅಡಿ ಆದರೆ, 6000×4000 ಪಿಕ್ಸೆಲ್ ಫೋಟೋವನ್ನು 6000×3000ಕ್ಕೆ ತನ್ನಿ. ಫೋಟೋ ತಿದ್ದುವ ತಂತ್ರಾಂಶ ಜಿಂಪ್‌ನ Perspective ಟೂಲ್ ಫೋಟೋದ ನಾಲ್ಕು ಮೂಲೆಗಳನ್ನು ಬೋರ್ಡಿನ ನಾಲ್ಕು ಮೂಲೆಗಳಿಗೆ ಸೇರಿಸುತ್ತದೆ, ಅಷ್ಟೇ. ಮುಖದ ಆಕಾರ ಅದಕ್ಕೆ ಗೊತ್ತಿಲ್ಲ. ಕ್ರಾಪ್ ಮಾಡದಿದ್ದರೆ ಅಜ್ಜಿ ಸುಮ್ನೆ ದಪ್ಪಗಾಗುತ್ತಾರೆ! ಪರದೆ ಮೇಲೆ ಕಾಣುವ ಅಗಲವನ್ನು ಮಾತ್ರ ಅಳೆಯಬೇಡಿ, ಓರೆಯಾಗಿ ತೆಗೆದ ಚಿತ್ರದಲ್ಲಿ ಅದು ಕುಗ್ಗಿರುತ್ತದೆ. ಒಂದು ಮೂಲೆ ಮರದ ಹಿಂದಿದ್ದರೆ, ಅಲ್ಲಿಗೆ ಹೋಗುವ ಎರಡು ಅಂಚುಗಳ ಗೆರೆಗಳನ್ನು ಮುಂದುವರಿಸಿ. ಅವು ಕೂಡುವ ಜಾಗವೇ ಮೂಲೆ. ಫ್ಲೆಕ್ಸ್ ಗಾಳಿಗೆ ಉಬ್ಬಿದ್ದರೆ ಇದು ಕೈಕೊಡುತ್ತದೆ: ಮೂಲೆಗಳು ಸರಿಯಾಗಿ ಕೂತರೂ ಅಂಚಿನ ನಡುವೆ ಹಳೆ ಜಾಹೀರಾತು ಇಣುಕುತ್ತದೆ. ಆಗ Warp Transform ಹಿಡಿದು ಅಂಚನ್ನು ಸ್ವಲ್ಪ ಸ್ವಲ್ಪವೇ ತಳ್ಳಬೇಕು.