ಫ್ರಿಜ್‌ನೊಳಗಿನ ನಲವತ್ತೆರಡು ಗ್ರಾಂ ಗ್ಯಾಸ್

ಈಗ ಮಾರಾಟವಾಗುವ ಬಹುತೇಕ ಮನೆಬಳಕೆಯ ಫ್ರಿಜ್‌ಗಳ ಹಿಂಬದಿಯಲ್ಲಿ, ಕಂಪ್ರೆಸರ್‌ ಮೇಲೆ, ಬೆಂಕಿಯ ಚಿತ್ರವಿರುವ ಹಳದಿ ತ್ರಿಕೋನದ ಚೀಟಿ ಅಂಟಿಸಿರುತ್ತದೆ. ಫ್ರಿಜ್‌ನ ತಾಂತ್ರಿಕ ಫಲಕದಲ್ಲಿ ಆರ್‌-600ಎ ಎಂದೂ ಅದರ ಪಕ್ಕದಲ್ಲಿ ಗ್ರಾಂ ಲೆಕ್ಕವೂ ಇರುತ್ತದೆ. ಆರ್‌-600ಎ ಎಂದರೆ ಐಸೋಬ್ಯೂಟೇನ್, ಅಡುಗೆ ಅನಿಲದ ಹತ್ತಿರದ ಸಂಬಂಧಿ. ಶಿವಮೊಗ್ಗದ ಸುತ್ತಮುತ್ತ ಫ್ರಿಜ್ ದುರಸ್ತಿ ಮಾಡುವ ನನಗೆ ಹೆಚ್ಚು ಎದುರಾಗುವ ಪ್ರಶ್ನೆ ಇದು: ಉರಿಯುವ ಗ್ಯಾಸನ್ನು ಮನೆಯೊಳಗೆ ಯಾಕೆ ಇಡುತ್ತಾರೆ?

ಮೊದಲು ಬಳಸುತ್ತಿದ್ದ ಆರ್‌-12 ಉರಿಯುತ್ತಿರಲಿಲ್ಲ, ಆದರೆ ಓಝೋನ್ ಪದರವನ್ನು ತಿನ್ನುತ್ತಿತ್ತು. 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಒಂದೊಂದೇ ದೇಶ ಅದನ್ನು ಬಿಟ್ಟಿತು. ಅದರ ಜಾಗಕ್ಕೆ ಬಂದ ಆರ್‌-134ಎ ಓಝೋನ್‌ಗೆ ಕೇಡು ಮಾಡದಿದ್ದರೂ, ಒಂದು ಕಿಲೋ ಗಾಳಿಗೆ ಸೇರಿದರೆ ನೂರು ವರ್ಷಗಳ ಲೆಕ್ಕದಲ್ಲಿ ಸುಮಾರು 1,400 ಕಿಲೋ ಇಂಗಾಲದ ಡೈಆಕ್ಸೈಡ್‌ನಷ್ಟು ಬಿಸಿ ಹಿಡಿಯುತ್ತದೆ. ಐಸೋಬ್ಯೂಟೇನ್‌ನ ವಿಷಯದಲ್ಲಿ ಈ ಸಂಖ್ಯೆ ಮೂರನ್ನು ದಾಟುವುದಿಲ್ಲ. 1992–93ರಲ್ಲಿ, ಹಿಂದೆ ಪೂರ್ವ ಜರ್ಮನಿಗೆ ಸೇರಿದ್ದ ಶಾರ್ಫೆನ್‌ಸ್ಟೈನ್ ಊರಿನ ಕಾರ್ಖಾನೆಯೊಂದು ಪರಿಸರ ಸಂಘಟನೆ ಗ್ರೀನ್‌ಪೀಸ್ ಜೊತೆ ಸೇರಿ ಇಂಥ ಫ್ರಿಜ್ ತಯಾರಿಸಿ ತೋರಿಸಿದ ಮೇಲೆ ಉಳಿದವರೂ ಆ ದಾರಿ ಹಿಡಿದರು. ಕಡಿಮೆ ಒತ್ತಡದಲ್ಲಿ ಕೆಲಸ ಮಾಡುವುದರಿಂದ ಕಂಪ್ರೆಸರ್‌ನ ಸದ್ದೂ ಕಡಿಮೆ, ವಿದ್ಯುತ್ ಖರ್ಚೂ ಕಡಿಮೆ. ಉರಿಯುವ ಗುಣವೊಂದೇ ಇದರ ತೊಡಕು. ಆ ತೊಡಕು ನಿಜವಾಗಿ ಎಲ್ಲಿದೆ ಎಂಬುದನ್ನು ನಾನು ದುರಸ್ತಿ ಮಾಡಿದ ಒಂದು ಫ್ರಿಜ್‌ನಿಂದಲೇ ಹೇಳುತ್ತೇನೆ.

ಅದು ಒಂದು ಬಾಗಿಲಿನ, 180 ಲೀಟರ್‌ನ ಫ್ರಿಜ್. ಫಲಕದ ಪ್ರಕಾರ ಒಳಗಿದ್ದ ಗ್ಯಾಸ್ 42 ಗ್ರಾಂ. ಇಂಥ ಫ್ರಿಜ್‌ಗಳಲ್ಲಿ ಮಂಜುಗಡ್ಡೆ ತಾನಾಗಿ ಕರಗುವುದಿಲ್ಲ. ಫ್ರೀಜರ್ ಬಾಕ್ಸ್‌ನ ಸುತ್ತ ಗಟ್ಟಿಯಾಗಿ ಕೂರುತ್ತದೆ. ಮನೆಯಾಕೆ ಸ್ವಿಚ್ ಆರಿಸಿ, ಬಾಗಿಲು ತೆರೆದಿಟ್ಟು, ಅರ್ಧ ಗಂಟೆ ಕಾದು, ಉಳಿದ ಮಂಜನ್ನು ಚಾಕುವಿನಿಂದ ಕೆತ್ತಿದ್ದರು. ಚಾಕುವಿನ ತುದಿ ಅಲ್ಯೂಮಿನಿಯಂ ಹಾಳೆಯೊಳಗಿನ ಗ್ಯಾಸ್ ಹಾದಿಯನ್ನು ತೂತು ಮಾಡಿತು. "ಅಣ್ಣಾ, ಒಳಗಿನಿಂದ ಬುಸ್ ಎಂದು ಸದ್ದು ಬರುತ್ತಿದೆ. ಬಾಗಿಲು ಮುಚ್ಚಿ ಮತ್ತೆ ಸ್ವಿಚ್ ಹಾಕಿಬಿಡಲೇ?" ಎಂದು ಫೋನ್‌ನಲ್ಲಿ ಕೇಳಿದರು.

ಬೇಡ ಎಂದೆ. "ಒಲೆ ಉರಿಯುತ್ತಿದ್ದರೆ, ದೇವರ ಮುಂದೆ ದೀಪವಿದ್ದರೆ ಈಗಲೇ ಆರಿಸಿಬಿಡಿ ಅಮ್ಮಾ. ಕಿಟಕಿ, ಹಿಂಬಾಗಿಲು ಎರಡನ್ನೂ ತೆಗೆಯಿರಿ. ಫ್ರಿಜ್ ಬಾಗಿಲು ತೆರೆದೇ ಇರಲಿ. ಅಡುಗೆಮನೆಯ ಯಾವ ಸ್ವಿಚ್ಚನ್ನೂ ಮುಟ್ಟದೆ ಹೊರಗೆ ಬಂದುಬಿಡಿ" ಎಂದು ಹೇಳಿದೆ. ಅವರ ಮನೆಯ ಮೇನ್ ಸ್ವಿಚ್ ಅಡುಗೆಮನೆಯಿಂದ ದೂರ, ಜಗುಲಿಯಲ್ಲಿತ್ತು. ಅದನ್ನು ಮಾತ್ರ ಆರಿಸಿದರು.

ಬಾಗಿಲು ತೆರೆದೇ ಇರಲಿ ಎಂದದ್ದಕ್ಕೆ ಒಂದು ಲೆಕ್ಕವಿದೆ. ಐಸೋಬ್ಯೂಟೇನ್ ಹೊತ್ತಿಕೊಳ್ಳಬೇಕಾದರೆ ಗಾಳಿಯಲ್ಲಿ ಕನಿಷ್ಠ ಶೇ 1.8ರಷ್ಟು ಬೆರೆತಿರಬೇಕು. ಅವರ ಅಡುಗೆಮನೆ ಎಂಟು ಅಡಿಗೆ ಹತ್ತು ಅಡಿ, ಎತ್ತರ ಒಂಬತ್ತು ಅಡಿ. ಅಂದರೆ ಸುಮಾರು 20,000 ಲೀಟರ್ ಗಾಳಿ. 42 ಗ್ರಾಂ ಗ್ಯಾಸ್ ಪೂರ್ತಿ ಹೊರಬಂದರೂ ಆಗುವುದು ಹೆಚ್ಚೆಂದರೆ 18 ಲೀಟರ್. ಕೋಣೆಯ ತುಂಬ ಹರಡಿದರೆ ಶೇ 0.1 ಕೂಡ ಆಗುವುದಿಲ್ಲ, ಹೊತ್ತಿಕೊಳ್ಳುವ ಮಟ್ಟಕ್ಕಿಂತ ಎಷ್ಟೋ ಕೆಳಗೆ. ಅದೇ ಗ್ಯಾಸ್ ಮುಚ್ಚಿದ ಫ್ರಿಜ್‌ನೊಳಗೆ ಸೋರಿದರೆ ಲೆಕ್ಕ ತಲೆಕೆಳಗಾಗುತ್ತದೆ. 180 ಲೀಟರ್ ಜಾಗಕ್ಕೆ ಶೇ 1.8 ಎಂದರೆ ಮೂರು ಲೀಟರ್‌ಗಿಂತ ಸ್ವಲ್ಪ ಹೆಚ್ಚು. ತೂಕದಲ್ಲಿ ಎಂಟು ಗ್ರಾಂ ಸಾಕು. ಆಗ ಒಳಗಿನ ದೀಪದ ಸ್ವಿಚ್ಚಿನಲ್ಲೋ ಥರ್ಮೋಸ್ಟಾಟ್‌ನಲ್ಲೋ ಒಂದು ಕಿಡಿ ಹಾರಿದರೆ ಬಾಗಿಲು ಕಿತ್ತುಹೋಗಬಹುದು. ಅಪಾಯವನ್ನು ನಿರ್ಧರಿಸುವುದು ಗ್ಯಾಸಿನ ಪ್ರಮಾಣಕ್ಕಿಂತ ಅದು ಕೂಡಿಕೊಳ್ಳುವ ಜಾಗ. ಗಾಳಿಗಿಂತ ಎರಡು ಪಟ್ಟು ಭಾರವಾದ ಕಾರಣ ಗಾಳಿಯಾಡದ ಕಡೆ ನೆಲಮಟ್ಟದಲ್ಲಿ, ತಗ್ಗಿನಲ್ಲಿ ನಿಲ್ಲುತ್ತದೆ. ಸಿಲಿಂಡರ್ ಗ್ಯಾಸಿಗೆ ಬೆರೆಸುವ ವಾಸನೆಯ ವಸ್ತು ಇದರಲ್ಲಿ ಇಲ್ಲ, ಮೂಗನ್ನು ನಂಬುವಂತಿಲ್ಲ.

ಈ ಕಾರಣಕ್ಕೇ ಕಾರ್ಖಾನೆಯಲ್ಲಿ ಈ ಫ್ರಿಜ್‌ಗಳಿಗೆ ಕಿಡಿ ಹೊರಗೆ ತಾಗದಂತೆ ಮುಚ್ಚಿದ ಥರ್ಮೋಸ್ಟಾಟ್, ರಿಲೇ, ಸ್ವಿಚ್‌ಗಳನ್ನು ಹಾಕುತ್ತಾರೆ. ಅವು ಕೆಟ್ಟಾಗ ಅಂಗಡಿಯಲ್ಲಿ ಸಿಕ್ಕ ಯಾವುದೋ ಅಗ್ಗದ ಭಾಗ ಹಾಕಿದರೆ ಫ್ರಿಜ್ ಓಡುತ್ತದೆ, ಆದರೆ ಆ ರಕ್ಷಣೆ ಹೋಗಿರುತ್ತದೆ. ಹಳೆಯ ಆರ್‌-134ಎ ಫ್ರಿಜ್‌ಗೆ ಐಸೋಬ್ಯೂಟೇನನ್ನೋ ಅಡುಗೆ ಅನಿಲವನ್ನೋ ತುಂಬಿಸುವುದನ್ನು ನಾನು ಒಪ್ಪದಿರುವುದೂ ಇದಕ್ಕೇ: ಅದರ ಒಳಗಿನ ಸ್ವಿಚ್‌ಗಳು ಉರಿಯುವ ಗ್ಯಾಸಿನ ಪಕ್ಕ ಕೆಲಸ ಮಾಡಲೆಂದು ಮಾಡಿದವಲ್ಲ.

ಮತ್ತೆ ಸ್ವಿಚ್ ಹಾಕಬೇಡಿ ಎಂದದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಐಸೋಬ್ಯೂಟೇನ್ ಕುದಿಯುವುದು ಮೈನಸ್ 11.7 ಡಿಗ್ರಿಯಲ್ಲಿ. ಫ್ರಿಜ್ ನಿಂತು ಫ್ರೀಜರ್ ಸೊನ್ನೆ ಡಿಗ್ರಿಗೆ ಬಂದಾಗ ಕೊಳವೆಯ ಒಳಗಿನ ಒತ್ತಡ ಹೊರಗಿನ ಗಾಳಿಗಿಂತ ಒಂದೂವರೆ ಪಟ್ಟು ಇರುತ್ತದೆ. ಅದಕ್ಕೇ ಆ ಬುಸ್ ಸದ್ದು. ಫ್ರಿಜ್ ಓಡುತ್ತಿರುವಾಗ ಫ್ರೀಜರ್ ಮೈನಸ್ 25ಕ್ಕೆ ಇಳಿಯುತ್ತದೆ, ಆಗ ಒಳಗಿನ ಒತ್ತಡ ಹೊರಗಿನದಕ್ಕಿಂತ ಕಡಿಮೆ. ತೂತಾದ ಫ್ರೀಜರ್ ಇರುವಾಗ ಕಂಪ್ರೆಸರ್ ಚಾಲೂ ಮಾಡಿದರೆ ಅದು ಗಾಳಿಯನ್ನೂ ಕರಗಿದ ಮಂಜಿನ ನೀರನ್ನೂ ಒಳಕ್ಕೆ ಹೀರುತ್ತದೆ. ನೀರು ಹೊಕ್ಕ ಕಂಪ್ರೆಸರ್ ಉಳಿಯುವುದು ಕಷ್ಟ. ಆ ಮನೆಯಾಕೆ ಕೇಳಿಯೇ ಸ್ವಿಚ್ ಹಾಕಬೇಕೆಂದುಕೊಂಡದ್ದು ಕಂಪ್ರೆಸರನ್ನು ಉಳಿಸಿತು.

ನಾನು ಹೋದಾಗ ಮೊದಲು ಗ್ಯಾಸ್ ಪತ್ತೆಯ ಯಂತ್ರವನ್ನು ನೆಲದ ಮಟ್ಟದಲ್ಲಿ ಹಿಡಿದು ನೋಡಿದೆ. ಹೈಡ್ರೋಕಾರ್ಬನ್‌ಗೆ ಎಂದೇ ಮಾಡಿದ ಯಂತ್ರ ಇದಕ್ಕೆ ಬೇಕು. ಆರ್‌-134ಎಗೆ ಬಳಸುವುದು ಇಲ್ಲಿ ನೆರವಿಗೆ ಬಾರದು. ಯಂತ್ರ ಸುಮ್ಮನಿದ್ದುದರಿಂದ ಫ್ರಿಜ್ಜನ್ನು ಇಬ್ಬರು ಸೇರಿ ನೆಟ್ಟಗೇ ಎತ್ತಿ ಹಿತ್ತಲಿನ ತೆರೆದ ಚಾವಡಿಗೆ ತಂದೆವು. ಕಂಪ್ರೆಸರ್‌ಗೆ ಗ್ಯಾಸ್ ತುಂಬುವ ಚಾರ್ಜಿಂಗ್ ಪೈಪ್‌ಗೆ ತೂತು ಮಾಡುವ ಇಕ್ಕಳ ಹಾಕಿ, ಅದಕ್ಕೆ ಕೊಳವೆ ಜೋಡಿಸಿ, ಇನ್ನೊಂದು ತುದಿಯನ್ನು ತೋಟದ ಕಡೆಗೆ, ಕಿಡಿಯೂ ಚರಂಡಿಯೂ ಇಲ್ಲದ ಬಯಲಿಗೆ ಬಿಟ್ಟೆ. ಇಷ್ಟು ಸಣ್ಣ ಪ್ರಮಾಣದ ಐಸೋಬ್ಯೂಟೇನನ್ನು ಹೀಗೆ ಬಯಲಿಗೆ ಬಿಡುವುದು ರೂಢಿ. ಆರ್‌-12 ಅಥವಾ ಆರ್‌-134ಎ ಆಗಿದ್ದರೆ ಬಿಡುವಂತಿಲ್ಲ. ಹಿಡಿದು ಸಿಲಿಂಡರ್‌ಗೆ ತುಂಬಬೇಕು.

ಗ್ಯಾಸ್ ಎಲ್ಲ ಸೋರಿಹೋಗಿದೆ ಎಂದು ಅನುಭವವಿಲ್ಲದವರು ಇಲ್ಲಿ ಬೆಸುಗೆಯ ಬೆಂಕಿ ಟಾರ್ಚ್ ಹಚ್ಚುತ್ತಾರೆ. ಕಂಪ್ರೆಸರ್‌ನ ಎಣ್ಣೆಯಲ್ಲಿ ಐಸೋಬ್ಯೂಟೇನ್ ಸಕ್ಕರೆ ನೀರಿನಲ್ಲಿ ಕರಗಿದಂತೆ ಕರಗಿಕೊಂಡಿರುತ್ತದೆ, ಬಿಸಿ ತಾಗಿದಾಗ ಹೊರಬರುತ್ತದೆ. ಆದ್ದರಿಂದ ವ್ಯಾಕ್ಯೂಮ್ ಪಂಪ್ ಹಾಕಿ ಎಳೆದು, ನಡುನಡುವೆ ಕಂಪ್ರೆಸರನ್ನು ಮೆಲ್ಲಗೆ ಅಲುಗಿಸಿ, ಕೊನೆಗೆ ಒಣ ನೈಟ್ರೋಜನ್ ಹಾಯಿಸಿ ಒಳಗೆಲ್ಲ ತೊಳೆದೆ. ಪಂಪ್‌ನ ಸ್ವಿಚ್ಚನ್ನು ಮೊದಲೇ ಚಾಲೂ ಸ್ಥಾನದಲ್ಲಿಟ್ಟು, ದೂರದ ಪ್ಲಗ್‌ನಿಂದ ವಿದ್ಯುತ್ ಕೊಡುತ್ತೇನೆ. ಅದು ಬಿಡುವ ಗಾಳಿಯ ಕೊಳವೆಯೂ ಹೊರಕ್ಕೇ. ಪೈಪ್‌ಗಳನ್ನು ಪೈಪ್ ಕಟರ್‌ನಿಂದ ಕತ್ತರಿಸಿ, ತೂತಾದ ಫ್ರೀಜರ್ ಬಾಕ್ಸ್ ತೆಗೆದು ಹೊಸದನ್ನು ಕೂರಿಸಿದೆ. ತೂತಿಗೆ ಎಪಾಕ್ಸಿ ಅಂಟು ಹಚ್ಚಿ ಕಡಿಮೆ ಹಣಕ್ಕೆ ಮುಗಿಸಿಕೊಡಿ ಎಂದು ಕೇಳುವವರಿದ್ದಾರೆ. ಬಿಸಿ ತಂಪಿಗೆ ಹಿಗ್ಗಿ ಕುಗ್ಗುವ ಅಲ್ಯೂಮಿನಿಯಂ ಮೇಲೆ ಆ ಅಂಟು ಎಷ್ಟು ದಿನ ನಿಲ್ಲುತ್ತದೆ ಎಂದು ಹೇಳಲಾಗದು. ಮುಚ್ಚಿದ ಬಾಗಿಲಿನೊಳಗಿನ ಸೋರಿಕೆಯ ವಿಷಯದಲ್ಲಿ ಅಂಥ ಅಂದಾಜಿಗೆ ನಾನು ಒಪ್ಪುವುದಿಲ್ಲ. ಜೋಡಣೆಗಳನ್ನು ಬೆಂಕಿಯಿಲ್ಲದೆ, ಒತ್ತಿ ಬಿಗಿಯುವ ಲೋಕ್‌ರಿಂಗ್ ಉಂಗುರಗಳಿಂದ ಮಾಡಿದೆ. ಗಾಳಿಯಲ್ಲಿ ತೆರೆದಿಟ್ಟರೆ ತೇವ ಹೀರುವ ಫಿಲ್ಟರ್ ಡ್ರೈಯರನ್ನೂ ಬದಲಿಸಿದೆ. ನೈಟ್ರೋಜನ್ ಒತ್ತಡ ಕೊಟ್ಟು, ಪ್ರತಿ ಜೋಡಣೆಗೆ ಸಾಬೂನಿನ ನೊರೆ ಹಚ್ಚಿ ಗುಳ್ಳೆ ಏಳುವುದಿಲ್ಲವೆಂದು ಖಾತ್ರಿ ಮಾಡಿಕೊಂಡೆ. ಈ ಪರೀಕ್ಷೆಗೆ ಆಮ್ಲಜನಕವನ್ನಂತೂ ಎಂದಿಗೂ ಬಳಸಬಾರದು. ಎಣ್ಣೆಯ ಜೊತೆ ಸೇರಿ ಸ್ಫೋಟಿಸುತ್ತದೆ.

ಗ್ಯಾಸ್ ತುಂಬುವಾಗ ಹಳೆಯ ಕೈಗಳೂ ಎಡವುತ್ತವೆ. ಆರ್‌-134ಎ ಕಾಲದಲ್ಲಿ ಒತ್ತಡದ ಗೇಜ್ ನೋಡಿ, ಮುಳ್ಳು ಸೊನ್ನೆಗಿಂತ ಮೇಲೆ ಒಂದು ಮಟ್ಟಕ್ಕೆ ಬರುವವರೆಗೆ ತುಂಬುವುದು ರೂಢಿಯಾಗಿತ್ತು. ಐಸೋಬ್ಯೂಟೇನ್ ಫ್ರಿಜ್ ಸರಿಯಾಗಿ ಓಡುತ್ತಿರುವಾಗಲೇ ಹೀರುವ ಬದಿಯ ಮುಳ್ಳು ಸೊನ್ನೆಯ ಕೆಳಗೆ ನಿಲ್ಲುತ್ತದೆ. ಅದನ್ನು ಗ್ಯಾಸ್ ಕಡಿಮೆ ಎಂದು ತಿಳಿದು ತುಂಬುತ್ತ ಹೋದರೆ ಹೀರುವ ಪೈಪ್ ಮೇಲೆ ಕಂಪ್ರೆಸರ್‌ವರೆಗೂ ಮಂಜು ಕೂರುತ್ತದೆ, ತಂಪು ಕಡಿಮೆಯಾಗುತ್ತದೆ, ಉರಿಯುವ ಗ್ಯಾಸ್ ಬೇಕಾದ್ದಕ್ಕಿಂತ ಹೆಚ್ಚು ಒಳಗಿರುತ್ತದೆ. ಇದಕ್ಕೆ ತಕ್ಕಡಿಯೊಂದೇ ದಾರಿ. ಗ್ಯಾಸಿನ ಡಬ್ಬಿಯನ್ನು ಒಂದು ಗ್ರಾಂವರೆಗೆ ತೋರಿಸುವ ಡಿಜಿಟಲ್ ತಕ್ಕಡಿಯ ಮೇಲಿಟ್ಟು, ಕೊಳವೆಯಲ್ಲಿ ಗ್ಯಾಸ್ ಉಳಿಯದಂತೆ ಆದಷ್ಟು ಗಿಡ್ಡ ಕೊಳವೆ ಬಳಸಿ, ಫಲಕದಲ್ಲಿದ್ದಂತೆ 42 ಗ್ರಾಂ ಹಾಕಿ ನಿಲ್ಲಿಸಿದೆ. 42ರ ಲೆಕ್ಕದಲ್ಲಿ ಐದು ಗ್ರಾಂ ಎಂದರೆ ಎಂಟನೇ ಒಂದು ಭಾಗ. ವ್ಯತ್ಯಾಸ ಕಾಣಿಸಿಯೇ ಕಾಣಿಸುತ್ತದೆ. ಚಾರ್ಜಿಂಗ್ ಪೈಪ್‌ನ ಬಾಯನ್ನೂ ಬೆಸುಗೆ ಹಾಕದೆ, ಹಿಸುಕಿ ಉಂಗುರದಿಂದಲೇ ಮುಚ್ಚಿದೆ. ಈಗ ಒಳಗೆ ಗ್ಯಾಸ್ ಇದೆ, ಅಲ್ಲಿಗೆ ಬೆಂಕಿ ತರುವ ಮಾತೇ ಇಲ್ಲ.

ಈ ಗ್ಯಾಸಿನ ಬದಲು ಆರ್‌-134ಎ ತುಂಬಿಬಿಡಿ, ಭಯವೇ ಇರುವುದಿಲ್ಲ ಎಂದು ಕೆಲವರು ಹೇಳುತ್ತಾರೆ. ಐಸೋಬ್ಯೂಟೇನ್ ಕಂಪ್ರೆಸರ್ ಪ್ರತಿ ಸುತ್ತಿಗೆ ಹೆಚ್ಚು ಗಾತ್ರದ ಗ್ಯಾಸ್ ಎಳೆಯುವಂತೆ ಮಾಡಿದ್ದು. ಹೆಚ್ಚು ಒತ್ತಡದ ಆರ್‌-134ಎ ಹಾಕಿದರೆ ಮೋಟಾರಿಗೆ ಹೊರೆ ಮೀರುತ್ತದೆ. ಅದರ ಎಣ್ಣೆಯೂ ಆ ಗ್ಯಾಸಿನೊಡನೆ ಬೆರೆಯುವುದಿಲ್ಲ.

ಇನ್ನು ಫ್ರಿಜ್ ಹಾಳಾಗಿ ಮನೆಯಿಂದ ಹೊರಡುವಾಗಿನ ಸಂಗತಿ. ಗುಜರಿಯವರಿಗೆ ಬೇಕಾಗಿರುವುದು ತಾಮ್ರ ಮತ್ತು ಕಂಪ್ರೆಸರ್. ಮುಚ್ಚಿದ ಶೆಡ್ಡಿನಲ್ಲಿ ಬೀಡಿ ಹಚ್ಚಿಕೊಂಡೇ ಪೈಪ್‌ಗೆ ಗರಗಸ ಇಡುವುದನ್ನೂ, ಎಣ್ಣೆ ತುಂಬಿದ ಕಂಪ್ರೆಸರನ್ನು ಗ್ಯಾಸ್ ಕಟರ್‌ನಿಂದ ಸೀಳುವುದನ್ನೂ ನೋಡಿ ತಡೆದಿದ್ದೇನೆ. ಫ್ರಿಜ್‌ನ ಗೋಡೆಯೊಳಗಿನ ನೊರೆಯನ್ನು ಉಬ್ಬಿಸಲು ಸಾಮಾನ್ಯವಾಗಿ ಬಳಸುವ ಸೈಕ್ಲೋಪೆಂಟೇನ್ ಕೂಡ ಉರಿಯುವ ವಸ್ತು. ಗೋಡೆಗೂ ಕಟರ್ ಬೆಂಕಿ ತಾಗಿಸಬಾರದು. ಇ-ತ್ಯಾಜ್ಯದ 2022ರ ನಿಯಮಗಳಲ್ಲಿ ಫ್ರಿಜ್ ಸೇರಿದೆ. ಹೊಸ ಫ್ರಿಜ್ ಕೊಳ್ಳುವಾಗ ಹಳೆಯದನ್ನು ಅಂಗಡಿಯ ಮೂಲಕ ನೋಂದಾಯಿತ ಮರುಬಳಕೆ ಘಟಕಕ್ಕೆ ತಲುಪಿಸುತ್ತೀರಾ ಎಂದು ಕೇಳಿ, ಬರಹದಲ್ಲಿ ಪಡೆಯಿರಿ. ಗುಜರಿಗೇ ಕೊಡುವುದಾದರೆ ಮೊದಲು ತರಬೇತಿ ಇರುವ ಮೆಕ್ಯಾನಿಕ್‌ನಿಂದ ಬಯಲಿನಲ್ಲಿ ಗ್ಯಾಸ್ ತೆಗೆಸಿ, ಫಲಕದ ಮೇಲೆ ಗ್ಯಾಸ್ ತೆಗೆದಿದೆ ಎಂದು ಬರೆಸಿ. ಕಂಪ್ರೆಸರ್ ಎಣ್ಣೆಯಲ್ಲಿ ಉಳಿಕೆ ಇರಬಹುದು, ಬೆಂಕಿ ತಾಗಿಸಬೇಡಿ ಎಂದು ಕೊಂಡೊಯ್ಯುವವರಿಗೆ ಬಾಯಿಬಿಟ್ಟು ಹೇಳಿ. ಸಾಗಿಸುವಾಗ ಹಿಂಬದಿಯ ಪೈಪ್‌ಗಳಿಗೆ ಹಗ್ಗ ಬಿಗಿಯಬಾರದು. ಒಂದೆರಡು ದಿನ ಅಂಗಳದಲ್ಲಿ ಉಳಿಯುವುದಾದರೆ, ಆಡುವ ಮಕ್ಕಳು ಒಳಹೊಕ್ಕು ಸಿಕ್ಕಿಹಾಕಿಕೊಳ್ಳದಂತೆ ಬಾಗಿಲನ್ನು ಕಳಚಿ ಬೇರೆ ಇಡಿ.