ಗೋಲ್ಡ್ ಫಿಲ್ಡ್ ಕೇಸಿನ ಲಗ್‌ಗೆ ಬೆಂಕಿ ತೋರಿಸಿದ್ದು

2023ರಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ಕಾರವಾರದಿಂದ ಹ್ಯಾಮಿಲ್ಟನ್ ಕೈಗಡಿಯಾರ ತಂದರು. ಅವರ ತಂದೆ ಹಡಗಿನ ಕೆಲಸದಲ್ಲಿದ್ದವರು, ಐವತ್ತರ ದಶಕದಲ್ಲಿ ಕೊಂಡಿದ್ದು. ಕೇಸಿನ ಹಿಂದೆ 10 ಕ್ಯಾರೆಟ್ ಗೋಲ್ಡ್ ಫಿಲ್ಡ್ ಅಂತ ಗುರುತು. ಮಷೀನ್ ಚೆನ್ನಾಗಿತ್ತು. ಪಟ್ಟಿ ಸಿಕ್ಕಿಸುವ ನಾಲ್ಕು ಕೊಂಬು ಇರುತ್ತವಲ್ಲ, ಆ ಲಗ್‌ಗಳ ಹೊರಮೂಲೆ ಮಾತ್ರ ಸವೆದು ಹಿತ್ತಾಳೆ ಕಾಣುತ್ತಿತ್ತು. ಒಂದು ಮೂಲೆಯಲ್ಲಿ ಬೆವರು ಕುಡಿದು ಹಸಿರು ಕಿಲುಬು ಕಟ್ಟಿ, ಅಕ್ಕಿಕಾಳಿನ ಮೊನೆಯಷ್ಟು ಗುಳಿ ಬಿದ್ದಿತ್ತು.

ಮೂರು ಕಡೆ ತೋರಿಸಿ ಬಂದಿದ್ದರು. ಒಬ್ಬರು ಸುಮ್ನೆ ಮೇಲೊಂದು ಪ್ಲೇಟಿಂಗ್ ಹಾಕಿಸಿ ಅಂದರಂತೆ. ಇನ್ನೊಬ್ಬರು "ರೋಲ್ಡ್ ಗೋಲ್ಡ್ ಸಾರ್, ಇದಕ್ಕೆ ದುಡ್ಡು ಹಾಕಬೇಡಿ" ಅಂದರಂತೆ. ಈ ಮಾತು ನನಗೆ ಬೇಜಾರು ತರುತ್ತದೆ. ನಮ್ಮಲ್ಲಿ ರೋಲ್ಡ್ ಗೋಲ್ಡ್ ಅಂದರೆ ಜಾತ್ರೆಯ ಬಳೆ, ಗಿಲೀಟು ಅಂತಲೇ ಅರ್ಥ. ಹಾಗಾಗಿ ಒಳ್ಳೆಯ ಗೋಲ್ಡ್ ಫಿಲ್ಡ್ ಕೇಸುಗಳೂ ಅದೇ ಬುಟ್ಟಿಗೆ ಬೀಳುತ್ತವೆ.

ಪ್ಲೇಟಿಂಗ್ ಅಂದರೆ ಕರೆಂಟಿನಲ್ಲಿ ಕೂರಿಸಿದ ಚಿನ್ನ. ಒಂದು ಮೈಕ್ರಾನ್ ಕೂಡ ಇಲ್ಲದ್ದೂ ಇದೆ, ಸ್ವಿಸ್ ಕೇಸಿನ ಮೇಲೆ 20 ಮೈಕ್ರಾನ್ ಅಂತ ಬರೆದದ್ದೂ ಇದೆ. ಗೋಲ್ಡ್ ಫಿಲ್ಡ್ ಹಾಗಲ್ಲ. ಅದು ಹಿತ್ತಾಳೆ ಗಟ್ಟಿಯ ಮೇಲೆ ಚಿನ್ನದ ತಗಡು ಇಟ್ಟು, ಬಿಸಿ ಮಾಡಿ, ಒತ್ತಿ, ರೋಲರಿನಲ್ಲಿ ಎಳೆದದ್ದು. ಸಾಮಾನ್ಯವಾಗಿ ತೂಕದಲ್ಲಿ ಇಪ್ಪತ್ತರಲ್ಲೊಂದು ಪಾಲು ಚಿನ್ನದ ಮಿಶ್ರಲೋಹ. ಬೆಂಕಿಯಲ್ಲೇ ಕೂಡಿದ ಪದರ ಅದು. ಬೆಂಕಿಯಲ್ಲಿ ಕೂಡಿದ್ದು ಹದವಾದ ಬೆಂಕಿಯನ್ನು ಮತ್ತೊಮ್ಮೆ ತಾಳಬೇಕು ಅಲ್ವಾ? ನಾನು ಹಿಡಿದ ದಾರಿ ಇದು. ಸವೆದ ಮೂಲೆಗೆ ಅದೇ ಕ್ಯಾರೆಟ್ಟಿನ ಚಿನ್ನದ ಸಣ್ಣ ಟೋಪಿ ಮಾಡಿ ಬೆಸೆಯೋದು.

ಪಕ್ಕದ ಬೀದಿಯ ಚಿನ್ನದ ಕೆಲಸದ ಆಚಾರ್ರಿಗೆ ಹೇಳಿದೆ. ನಲವತ್ತು ವರ್ಷದ ಕೈ ಅವರದ್ದು. "ಬೇಡಿ ಸ್ವಾಮಿ, ಹಿತ್ತಾಳೆ ಉಕ್ಕಿಬಿಡುತ್ತೆ, ಮೇಲಿನ ಚಿನ್ನ ಕಪ್ಪಾಗುತ್ತೆ. ಪಾಪ, ಮೇಷ್ಟ್ರ ವಸ್ತು" ಅಂದರು. ಅವರು ಹೇಳಿದ ಎರಡೂ ನಡೆಯಿತು. ಆದರೆ ಮೇಷ್ಟ್ರ ಕೇಸಿನ ಮೇಲಲ್ಲ, ಗುಜರಿಯ ಕೇಸುಗಳ ಮೇಲೆ.

ಮೊದಲ ಗುಜರಿ ಕೇಸನ್ನು ಲೇಸರ್ ಬೆಸುಗೆಗೆ ಒಯ್ದೆ. ಒಡವೆ ರಿಪೇರಿಯವರ ಹತ್ತಿರ ಮಷೀನ್ ಇತ್ತು, ಚುಕ್ಕಿ ಲೆಕ್ಕದಲ್ಲಿ ಸುಮಾರು ಆರುನೂರು ರೂಪಾಯಿ ತೆಗೆದುಕೊಂಡರು. ಗಟ್ಟಿ ಚಿನ್ನದ ಕೇಸಿಗೆ ಲೇಸರ್‌ನಷ್ಟು ಒಳ್ಳೆಯದು ಬೇರೆ ಇಲ್ಲ. ಹಿತ್ತಾಳೆಯಲ್ಲಿ ಮಾತ್ರ ಸತು ಇದೆ. ತಾಮ್ರ ಕರಗುವ ಹೊತ್ತಿಗೆ ಸತು ಕುದಿದು ಹಬೆಯಾಗುತ್ತದೆ. ಹಾಕಿದ ಚಿನ್ನದ ತಂತಿಯ ತುಂಬ ರಾಗಿಕಾಳಿನ ಹಾಗೆ ತೂತು, ಸುತ್ತ ಮಸಿ. ಅರ ಹಾಕಿದಷ್ಟೂ ಹೊಸ ತೂತು ಮೇಲೆ ಬರುತ್ತಿತ್ತು. ಅದನ್ನು ಬಿಟ್ಟೆ.

ಎರಡನೇ ಕೇಸು ಊದುಗೊಳವೆಯಲ್ಲಿ. ಬಿಸಿ ಏರುತ್ತಿದ್ದ ಹಾಗೇ ಲಗ್‌ನ ಒಳಗಡೆ ಚಿನ್ನ ನೀರು ಬಿದ್ದ ಬೆಲ್ಲದ ಹಾಗೆ ಕುಸಿದು ತೂತಾಯಿತು. ನೋಡಿದರೆ ಹಿಂದೆ ಯಾರೋ ಪಟ್ಟಿ ಹಿಡಿಯುವ ಪಿನ್ನಿನ ತೂತಿಗೆ ತವರ-ಸೀಸದ ಬೆಸುಗೆ ಹಾಕಿದ್ದರು. ಸೀಸ ಬಿಸಿಯಾದರೆ ಚಿನ್ನವನ್ನೂ ತಿನ್ನುತ್ತದೆ, ಹಿತ್ತಾಳೆಯನ್ನೂ ತಿನ್ನುತ್ತದೆ. ಈಗ ಯಾವ ಕೇಸು ಬಂದರೂ ಕಣ್ಣಿಗೆ ಲೂಪ್ ಅನ್ನೋ ಭೂತಗನ್ನಡಿ ಹಾಕಿ ಲಗ್‌ನ ಕೆಳಗೆ ಬೂದು ಬಣ್ಣದ ಮಚ್ಚೆ ಇದೆಯಾ ನೋಡುತ್ತೇನೆ. ಸೂಜಿಯಲ್ಲಿ ಗೀರಿದರೆ ಬೆಣ್ಣೆಯ ಹಾಗೆ ಏಳುತ್ತದೆ. ಪೂರ್ತಿ ಕೆರೆದು ತೆಗೆಯಲು ಆಗದಿದ್ದರೆ ಬೆಂಕಿಯ ಮಾತೇ ಇಲ್ಲ, ವಾಪಸ್.

ಮೂರನೆಯದರಲ್ಲಿ ಬೆಂಕಿ ಜಾಸ್ತಿ ಆಯಿತು. ಹಿತ್ತಾಳೆ ಉಕ್ಕಲಿಲ್ಲ, ಆದರೆ ಮೇಲಿನ ಹಳದಿ ಮಾಸಿ ಕೆಂಪು ತಿರುಗಿತು. ಕೆಳಗಿನ ತಾಮ್ರ ಚಿನ್ನದೊಳಗೆ ಹತ್ತಿಕೊಂಡಿತ್ತು. ಪ್ಲೇಟಿಂಗ್ ಕೇಸಿಗೆ ಇದೇ ಬೆಂಕಿ ತೋರಿಸಿದ್ದರೆ ಚಿನ್ನ ಅನ್ನೋದೇ ಉಳಿಯುತ್ತಿರಲಿಲ್ಲ. ಬೇಕಂತಲೇ ಒಂದು ಹಳೇ ಪ್ಲೇಟೆಡ್ ಕೇಸಿನ ಮೇಲೆ ಮಾಡಿ ನೋಡಿದೆ. ನಿಮಿಷದೊಳಗೆ ಮಾಯ.

ನಾಲ್ಕನೆಯದು ಕೂತಿತು. ಮೇಷ್ಟ್ರ ಕೇಸಿಗೂ ಅದೇ ರೀತಿ ಮಾಡಿದೆ. 10 ಕ್ಯಾರೆಟ್ ಅಂದರೆ ಒಂದು ಗ್ರಾಂ ಅಪರಂಜಿಗೆ ಬೆಳ್ಳಿ, ತಾಮ್ರ ಸೇರಿ 1.4 ಗ್ರಾಂ. ತಾಮ್ರ ಹೆಚ್ಚಾದರೆ ಕೆಂಪು, ಬೆಳ್ಳಿ ಹೆಚ್ಚಾದರೆ ಪೇಲವ. ಹಳೇ ಅಮೆರಿಕನ್ ಕೇಸಿನ ಬಣ್ಣಕ್ಕೆ ಸರಿಹೊಂದುವ ಪಾಲು ಸಿಗಲು ಐದು ಸಲ ಕರಗಿಸಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ 22 ಕ್ಯಾರೆಟ್ ತಗಡು ಹಾಕಿದರೆ ಮಾತ್ರ ದೂರದಿಂದಲೇ ತೇಪೆ ಕಾಣುತ್ತದೆ, ಜೊತೆಗೆ ಮೆತ್ತಗೆ. ತಗಡನ್ನು 0.15 ಮಿಲಿಮೀಟರಿಗೆ ಎಳೆದೆ. ಮೊದಲು 0.3 ಇಟ್ಟಿದ್ದೆ, ಅಂಚು ಮೆಟ್ಟಿಲಿನ ಹಾಗೆ ಬೆರಳಿಗೆ ತಗಲುತ್ತಿತ್ತು. ನಾಲ್ಕು ಟೋಪಿಗೂ ಸೇರಿ ಹೋದ ಲೋಹ ಒಂದೂವರೆ ಗುಲಗಂಜಿಯೂ ಇಲ್ಲ.

ಹಿತ್ತಾಳೆ ಕಂಡ ಜಾಗವನ್ನಷ್ಟೇ ಕೆರೆದು ಕಿಲುಬು ತೆಗೆದೆ. ಟೋಪಿಯನ್ನು ಲಗ್‌ನ ಮೇಲೆ ಉಜ್ಜಿ ಉಜ್ಜಿ ಅಚ್ಚು ಕೂರಿಸಿದೆ. ಬಿಳಿಗಾರ ಹಚ್ಚಿ, ಬೇಗ ಹರಿಯುವ ಬೆಳ್ಳಿ ಬೆಸುಗೆಯ ಚೂರನ್ನು ಕೆಳಗಡೆ ಇಟ್ಟೆ. ಅದು ಸುಮಾರು 650ರಿಂದ 700 ಡಿಗ್ರಿಗೆ ಹರಿಯುತ್ತದೆ, ಹಿತ್ತಾಳೆ ಕರಗೋದು 900ರ ಆಸುಪಾಸು. ನಮ್ಮ ಆಟ ನಡೆಯಬೇಕಾದದ್ದು ಇಷ್ಟೇ ಜಾಗದಲ್ಲಿ. ಉಳಿದ ಕೇಸನ್ನೆಲ್ಲ ಒದ್ದೆ ಜೇಡಿಮಣ್ಣಿನಲ್ಲಿ ಹೂತು, ಲಗ್ ಮಾತ್ರ ಹೊರಗೆ ಬಿಟ್ಟೆ. ಬೇರೆ ಬೆಸುಗೆಗಳು ಓಡದಿರಲಿ ಅಂತ ಅವುಗಳ ಮೇಲೆ ಕಾವಿ ಕಲಸಿ ಹಚ್ಚಿದೆ. ಅಂಗಡಿಯ ದೀಪ ಆರಿಸಿ ಕೆಳಗಿನಿಂದ ಉರಿ ಕೊಟ್ಟೆ. ಕತ್ತಲಲ್ಲಿ ಲಗ್ ಕೆಂಪಗೆ ಕಂಡೂ ಕಾಣದ ಹಾಗೆ ಆದ ಕ್ಷಣಕ್ಕೆ ಬೆಸುಗೆ ಓಡುತ್ತದೆ. ಆಗಲೇ ಉರಿ ತೆಗೆಯಬೇಕು. ಕೆಡಿಎಂ ಬೆಸುಗೆ ಮುಟ್ಟಬೇಡಿ, ಕ್ಯಾಡ್ಮಿಯಂ ಹೊಗೆ ಎದೆಗೆ ವಿಷ.

ಆಮೇಲೆ ಹುಣಸೆಹಣ್ಣಿನ ನೀರಿನಲ್ಲಿ ಕುದಿಸಿದೆ. ಆಸಿಡ್ ಬೇಡ, ತೆರೆದ ಹಿತ್ತಾಳೆ ಗುಲಾಬಿ ಬಣ್ಣಕ್ಕೆ ತಿರುಗಿಬಿಡುತ್ತದೆ. ಟೋಪಿಯ ಅಂಚನ್ನು 1200 ನಂಬರಿನ ನೀರು ಕಾಗದದಲ್ಲಿ ತೆಳ್ಳಗೆ ಇಳಿಸಿ, ಉಕ್ಕಿನ ಕಡ್ಡಿಯಲ್ಲಿ ಒತ್ತಿ ಹೊಳಪು ಕೊಟ್ಟೆ. ಹೊಳಪು ಕೊಡುವ ಬಫ್ ಚಕ್ರ ಮುಟ್ಟಿಸಲೇ ಇಲ್ಲ. ಬಫ್ ಮೊದಲು ತಿನ್ನೋದು ಮೂಲೆಯನ್ನೇ, ಮೂಲೆಯಲ್ಲೇ ಚಿನ್ನ ತೆಳು. ಮೇಲಂಚಿನಲ್ಲಿ ಬೆಳ್ಳಿ ಬೆಸುಗೆಯ ಬಿಳಿ ಗೆರೆ ಕಾಣದ ಹಾಗೆ ಮಾಡಲು ಒಂದು ಉಪಾಯ ಇದೆ. ಅದು ನನ್ನ ಹತ್ತಿರವೇ ಇರಲಿ.

ನಾಲ್ಕು ಸಂಜೆ ಹಿಡಿಯಿತು. 3,500 ರೂಪಾಯಿ ತೆಗೆದುಕೊಂಡೆ. ಪೂರ್ತಿ ಪ್ಲೇಟಿಂಗ್‌ಗೆ ಆಗ ಸಾವಿರದೈನೂರರ ಒಳಗೆ ಆಗುತ್ತಿತ್ತು. ಆಚಾರ್ರು ಲೂಪ್ ಹಾಕಿ ತಿರುಗಿಸಿ ತಿರುಗಿಸಿ ನೋಡಿ, "ಯಾವ ಲಗ್ ಮಾಡಿದ್ದು?" ಅಂತ ಕೇಳಿದರು. ನಾಲ್ಕೂ ಅಂದೆ.

ಬರೀ ಪ್ಲೇಟಿಂಗ್ ಯಾಕೆ ಬೇಡ ಅಂತ ಕೇಳುವವರಿಗೆ ಒಂದು ಮಾತು. ಇದಕ್ಕೂ ಮುಂಚೆ ಬೇರೊಂದು ಗೋಲ್ಡ್ ಫಿಲ್ಡ್ ಕೇಸಿನ ಮೂಲೆಗೆ ಬ್ರಷ್ ಪ್ಲೇಟಿಂಗ್ ಮಾಡಿದ್ದೆ. ನಾಲ್ಕು ತಿಂಗಳಿಗೆ ಅದೇ ಮೂಲೆಯಲ್ಲಿ ಮತ್ತೆ ಹಿತ್ತಾಳೆ ಕಂಡಿತು. ಎಚ್‌ಎಂಟಿಯ ಪ್ಲೇಟೆಡ್ ಕೇಸುಗಳಿಗೆ ಮಾತ್ರ ಪ್ಲೇಟಿಂಗೇ ಸರಿಯಾದ ದಾರಿ, ಬೇರೆ ಏನೂ ನಡೆಯುವುದಿಲ್ಲ. ಅಲ್ಲೂ ಗುಳಿಯ ಮೇಲೆ ನೇರ ಚಿನ್ನ ಕೂರಿಸಿದರೆ ಗುಳಿಯೇ ಹೊಳೆಯುತ್ತದೆ. ಮೊದಲು ಹಳೆಯದನ್ನು ತೆಗೆದು, ತಾಮ್ರ ದಪ್ಪಗೆ ಕಟ್ಟಿ, ಅರ ಹಾಕಿ ಮಟ್ಟ ಮಾಡಿ, ಮೇಲೆ ನಿಕ್ಕಲ್, ಅದರ ಮೇಲೆ ಚಿನ್ನ. ನಿಕ್ಕಲ್ ಬಿಟ್ಟರೆ ತಾಮ್ರ ನಿಧಾನಕ್ಕೆ ಮೇಲೆ ಬಂದು ಬಣ್ಣ ಕೆಡಿಸುತ್ತದೆ. ನಿಕ್ಕಲ್ ಮೈಗೆ ಆಗದವರಿಗೆ ಮೊದಲೇ ಹೇಳಿಬಿಡಿ, ಚಿನ್ನ ಸವೆದ ದಿನ ತುರಿಕೆ ಶುರು.

ಗಟ್ಟಿ ಚಿನ್ನ ಸವೆಯುವುದಿಲ್ಲ ಅಂತ ಗಿರಾಕಿಗಳು ನಂಬಿರುತ್ತಾರೆ. 18 ಕ್ಯಾರೆಟ್ ಕೇಸಿನ ಪಿನ್ನಿನ ತೂತು ನೋಡಿ, ಮೊಟ್ಟೆಯ ಆಕಾರಕ್ಕೆ ಹಿಗ್ಗಿರುತ್ತದೆ. ಕೆಳಗೆ ಬಿದ್ದರೆ ಲಗ್ ಬಾಗುತ್ತದೆ. ಆದರೆ ಒಳಗೂ ಹೊರಗೂ ಒಂದೇ ಲೋಹ, ತೂತು ತುಂಬಿ ಮತ್ತೆ ಕೊರೆಯಬಹುದು.

ದುಡ್ಡಿನ ಲೆಕ್ಕದಲ್ಲಿ ನನಗೆ ದೊಡ್ಡ ಪೆಟ್ಟು ಬಿದ್ದದ್ದು ಗಟ್ಟಿ ಚಿನ್ನ ಅಂತ ನಂಬಿ. ಕೆಲವು ವರ್ಷಗಳ ಹಿಂದೆ ಮುಚ್ಚಳದ ಅಮೆರಿಕನ್ ಪಾಕೆಟ್ ವಾಚ್ ಒಂದನ್ನು 48,000ಕ್ಕೆ ಕೊಂಡೆ. ಒರೆಗಲ್ಲಿನಲ್ಲಿ 14 ಕ್ಯಾರೆಟ್ ನಿಂತಿತು. ಅಂಗಡಿಯ ಕ್ಯಾರೆಟ್ ಮೀಟರ್ ಕೂಡ ಹಾಗೇ ಹೇಳಿತು. ಆ ಯಂತ್ರ ನೋಡೋದು ಮೇಲಿನ ಕೆಲವೇ ಮೈಕ್ರಾನ್. ಗೋಲ್ಡ್ ಫಿಲ್ಡ್ ಪದರ ದಪ್ಪ ಇದ್ದರೆ ಒಳಗಿನ ಹಿತ್ತಾಳೆ ಅದಕ್ಕೆ ಕಾಣುವುದೇ ಇಲ್ಲ. ಮನೆಗೆ ತಂದು ಒಳಮುಚ್ಚಳ ತೊಳೆದಾಗ ಮಾಸಿದ ಅಕ್ಷರ ಕಂಡಿತು, 25 ವರ್ಷ ಗ್ಯಾರಂಟಿ. ಗಟ್ಟಿ ಚಿನ್ನಕ್ಕೆ ಯಾರೂ ವರ್ಷದ ಗ್ಯಾರಂಟಿ ಕೊಡುವುದಿಲ್ಲ. ಅದು ಗೋಲ್ಡ್ ಫಿಲ್ಡ್ ಗುರುತು, ಅಮೆರಿಕದಲ್ಲಿ 1924ರಲ್ಲಿ ನಿಲ್ಲಿಸಿದ ಪದ್ಧತಿ. ಕೊನೆಗೆ 16,000ಕ್ಕೆ ಇದ್ದದ್ದನ್ನು ಇದ್ದ ಹಾಗೆ ಹೇಳಿ ಮಾರಿದೆ.

ಆಮೇಲಿಂದ ನೀರಿನ ತೂಕ ಹಾಕದೆ ಕೊಳ್ಳುವುದಿಲ್ಲ. ಮಷೀನ್, ಗ್ಲಾಸ್, ಸ್ಪ್ರಿಂಗ್ ತೆಗೆದು ಬರೀ ಕೇಸು ತೂಗಬೇಕು. ಆಮೇಲೆ ತೆಳ್ಳನೆ ದಾರದಲ್ಲಿ ನೀರೊಳಗೆ ಇಳಿಬಿಟ್ಟು ತೂಗಬೇಕು. ಮೇಷ್ಟ್ರ ಕೇಸಿನ ಹಾಗಿನದ್ದೇ ಇನ್ನೊಂದು 24 ಗ್ರಾಂ ಇತ್ತು, ನೀರಲ್ಲಿ 2.75 ಗ್ರಾಂ ಕಡಿಮೆ ಬಂತು. 24 ÷ 2.75 = 8.7, ಅಂದರೆ ನೀರಿಗಿಂತ ಅಷ್ಟು ಪಟ್ಟು ಭಾರ, ಅದು ಹಿತ್ತಾಳೆಯ ಲೆಕ್ಕ. 14 ಕ್ಯಾರೆಟ್ ಗಟ್ಟಿ ಆಗಿದ್ದರೆ 13ರ ಹತ್ತಿರ ಬರಬೇಕು, ಕಡಿಮೆಯಾಗೋದು 1.85 ಗ್ರಾಂ ಮಾತ್ರ. ನೀರಿಗೆ ಒಂದು ಹನಿ ಸೋಪು ಹಾಕಿ, ಮೂಲೆಯಲ್ಲಿ ಗುಳ್ಳೆ ಕೂತರೆ ಲೆಕ್ಕ ತಪ್ಪುತ್ತದೆ.

ಗಟ್ಟಿ ಚಿನ್ನಕ್ಕೆ ಕರಗಿಸುವ ಬೆಲೆ ಕೆಳಗಿನಿಂದ ಹಿಡಿದುಕೊಂಡಿರುತ್ತದೆ. 14 ಕ್ಯಾರೆಟ್ಟಿನ 12 ಗ್ರಾಂ ಕೇಸಿನಲ್ಲಿ ಅಪರಂಜಿ ಏಳು ಗ್ರಾಂ. 2023ರಲ್ಲಿ ಗ್ರಾಂಗೆ ಆರು ಸಾವಿರದ ಲೆಕ್ಕ ಹಿಡಿದರೂ 42,000, ವ್ಯಾಪಾರಿ ಕಳೆದು ಕೊಡುವುದು ಅದಕ್ಕಿಂತ ಕಡಿಮೆ. ಇದೇ ಕಾರಣಕ್ಕೆ ಎಷ್ಟೋ ಒಳ್ಳೆಯ ಕೇಸುಗಳು ಮೂಸೆಗೆ ಹೋಗಿ, ಮಷೀನುಗಳು ಅನಾಥವಾಗಿ ಡಬ್ಬಿಯಲ್ಲಿ ಬಿದ್ದಿವೆ. 24 ಗ್ರಾಂನ 14 ಕ್ಯಾರೆಟ್ ಗೋಲ್ಡ್ ಫಿಲ್ಡ್ ಕೇಸಿನಲ್ಲಿ ಇಪ್ಪತ್ತರಲ್ಲೊಂದರ ಲೆಕ್ಕ ಹಿಡಿದರೆ ಅಪರಂಜಿ 0.7 ಗ್ರಾಂ, ಅದೂ ಸವೆಯದಿದ್ದರೆ. ಕರಗಿಸಲು ಯಾರೂ ತೆಗೆದುಕೊಳ್ಳುವುದಿಲ್ಲ, ಗಡಿಯಾರವಾಗಿಯೇ ಮಾರಬೇಕು. ಆಗ ಮೂಲೆಯೇ ಬೆಲೆ ಹೇಳುತ್ತದೆ. ಹಿತ್ತಾಳೆ ಕಂಡ ನನ್ನದೇ ಒಂದು ಗಡಿಯಾರಕ್ಕೆ 5,000 ಕೇಳಿದ್ದರು. ಟೋಪಿ ಹಾಕಿ, ರಿಪೇರಿ ಆದದ್ದನ್ನು ಹೇಳಿಯೇ, 13,000ಕ್ಕೋ 14,000ಕ್ಕೋ ಕೊಟ್ಟೆ. ಮೇಲೆ ಪೂರ್ತಿ ಪ್ಲೇಟಿಂಗ್ ಆದ ಗೋಲ್ಡ್ ಫಿಲ್ಡ್ ಮಾತ್ರ ಸಂಗ್ರಹಕಾರರು ಮುಟ್ಟುವುದಿಲ್ಲ. ಕೆಳಗೆ ಏನು ಮುಚ್ಚಿದ್ದಾರೋ ಅನ್ನೋ ಅನುಮಾನ ಅವರಿಗೆ.

2025ರಲ್ಲಿ ಮೇಷ್ಟ್ರು ಸರ್ವಿಸ್‌ಗೆ ಮತ್ತೆ ಬಂದರು. ದಿನಾ ಕಟ್ಟಿದ್ದಾರೆ. ನಾಲ್ಕು ಟೋಪಿಯೂ ಹಾಗೇ ಇದೆ, ಎಲ್ಲೂ ಹಸಿರಿಲ್ಲ. ಕ್ರೌನ್ ಪಕ್ಕದಲ್ಲಿ, ದಿನಾ ಚಾವಿ ಕೊಡುವಾಗ ಉಗುರು ತಾಗುವ ಜಾಗದಲ್ಲಿ, ಹಳೇ ಚಿನ್ನ ತೆಳ್ಳಗಾಗಿ ಒಂದು ಕೂದಲೆಳೆ ಹಿತ್ತಾಳೆ ಕಾಣಲು ಶುರುವಾಗಿದೆ. ಅಲ್ಲಿ ಟೋಪಿ ನಿಲ್ಲುವುದಿಲ್ಲ, ಜಾಗ ಚಪ್ಪಟೆ. ತೇಪೆಯ ತಗಡು ಕತ್ತರಿಸಿ ಇಟ್ಟಿದ್ದೇನೆ, ಈ ವಾರ ಗುಜರಿ ಕೇಸಿನ ಮೇಲೆ ಮೊದಲು ನೋಡುತ್ತೇನೆ.